ಕಥೆಯಲ್ಲಿ ಕೀಲಿ ಮತ್ತೆ ಮತ್ತೆ ಬರುತ್ತದೆ. ಕೊನೆಗೆ ನೀತಿ ಹೇಳದೆ ಬಿಡುವುದು ಹೇಗೆ?

ಸಾವಿತ್ರಿ, ಶಹಾಪುರ

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಕಥೆ ಬರೆದಿದ್ದೇನೆ. ಕೊನೆಯ ಸಾಲಿನ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಕಥೆ ಇಷ್ಟು. ತೊಗರಿ ರಾಶಿ ಮುಗಿದ ಮೇಲೆ ಗಂಡ ಹೆಂಡತಿ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಹನ್ನೊಂದು ವರ್ಷದ ಮಗಳು ನಾಗಿ ಊರಲ್ಲೇ ಆಯಿ ಜೊತೆ ಇರುತ್ತಾಳೆ. ಆಯಿಯದು ಕೊಡುವ ಕೈ. ಯಾರು ಬಂದು ಕೇಳಿದರೂ ಒಂದು ಸೇರು ಕಾಳು ಹಾಕಿ ಕಳಿಸುತ್ತಾಳೆ. ಅದಕ್ಕೆ ಅಪ್ಪ ಒಳಕೋಣೆಗೆ ಕೀಲಿ ಹಾಕಿ ಕೀಲಿಕೈ ತನ್ನ ಜೊತೆಗೇ ಒಯ್ಯುತ್ತಾನೆ. ಒಳಗೆ ಎರಡು ಚೀಲ ತೊಗರಿ, ಒಂದು ಟ್ರಂಕು. ಅಜ್ಜಿ ಮೊಮ್ಮಗಳು ಪಡಸಾಲೆಯಲ್ಲಿ ಮಲಗುತ್ತಾರೆ. ನಡುವೆ ನಾಗಿಯ ವಿದ್ಯಾರ್ಥಿವೇತನದ ಅರ್ಜಿಗೆ ಜಾತಿ ಪ್ರಮಾಣಪತ್ರ ಬೇಕಾಗುತ್ತದೆ, ಅದು ಟ್ರಂಕಿನಲ್ಲಿದೆ. ಪಕ್ಕದ ಮನೆಯವನು ಕೀಲಿ ಒಡೆದು ಕೊಡುತ್ತೇನೆ ಅಂದರೂ ಆಯಿ ಬೇಡ ಅನ್ನುತ್ತಾಳೆ. ಬದಲಿಗೆ ತುಕ್ಕು ಹಿಡಿಯಬಾರದು ಅಂತ ಕೀಲಿಗೆ ಎಣ್ಣೆ ಬಿಡುತ್ತಾಳೆ. ಕಾರಹುಣ್ಣಿಮೆಗೆ ಅಪ್ಪ ವಾಪಸ್ ಬಂದು ಬಾಗಿಲು ತೆಗೆಯುತ್ತಾನೆ. ತೊಗರಿಗೆ ಹುಳ ಬಿದ್ದಿದೆ. ಆ ರಾತ್ರಿ ಆಯಿ ಮತ್ತೆ ಪಡಸಾಲೆಯಲ್ಲೇ ಚಾಪೆ ಹಾಸುತ್ತಾಳೆ.

ಇದಾದ ಮೇಲೆ ನನ್ನ ಕೊನೆಯ ಸಾಲು: "ಕೀಲಿ ಬಿದ್ದದ್ದು ಕೋಣೆಗಲ್ಲ, ಒಂದು ತಾಯಿಯ ಮನಸ್ಸಿಗೆ."

ಓದಿದ ಇಬ್ಬರು ಈ ಸಾಲನ್ನೇ ಹೊಗಳಿದರು. ನನಗೆ ಮಾತ್ರ ಅದು ಒಗ್ಗುತ್ತಿಲ್ಲ. ತೆಗೆದರೆ ಕಥೆ ಅರ್ಧಕ್ಕೆ ನಿಂತಂತೆ ಕಾಣುತ್ತದೆ. ಇಟ್ಟರೆ ಮೇಷ್ಟ್ರು ಪಾಠ ಮುಗಿಸಿದಂತೆ ಕೇಳಿಸುತ್ತದೆ. ಏನು ಮಾಡಲಿ?

ಕೀಲಿ ಎಲ್ಲೆಲ್ಲಿ ಬರುತ್ತದೆ ಅಂತಲೂ ಹೇಳಿಬಿಡುತ್ತೇನೆ. ಸಂತೆಯಲ್ಲಿ ಕೊಳ್ಳುವಾಗ, ಹಾಕುವಾಗ, ನಾಗಿಯ ಕನಸಲ್ಲಿ, ಶಾಲೆಯ ಗೇಟಿನಲ್ಲಿ, "ಆಯಿಯ ಬಾಯಿಗೂ ಕೀಲಿ ಬಿದ್ದಂತೆ" ಅನ್ನುವ ಸಾಲಿನಲ್ಲಿ, ಅರ್ಜಿಯ ದಿನ, ಎಣ್ಣೆ ಬಿಡುವಾಗ, ಪಕ್ಕದ ಮನೆಯವನು ಬಂದಾಗ, ಕೊನೆಗೆ ತೆಗೆಯುವಾಗ.

ಕಮಾನ್ ಕಟ್ಟೆ, ಬೀದರ್

ಅಕ್ಕಾ, ಕಥೆ ಚೆನ್ನಾಗಿದೆ. ಕೊನೆಯ ಸಾಲು ತೆಗೆದುಬಿಡಿ. ದೊಡ್ಡ ಕಥೆಗಾರರು ನೀತಿ ಹೇಳುವುದೇ ಇಲ್ಲ. ಮೊಪಾಸಾನ ನೆಕ್ಲೇಸ್ ಕಥೆ ನೋಡಿ. ಒಬ್ಬ ಹೆಂಗಸು ಗೆಳತಿಯಿಂದ ಕೇಳಿ ತಂದ ಸರ ಕಳೆಯುತ್ತದೆ, ಬದಲಿ ಸರ ಕೊಡಲು ಮಾಡಿದ ಸಾಲ ತೀರಿಸುತ್ತಾರೆ, ಕೊನೆಗೆ ಕಳೆದದ್ದು ನಕಲಿ ಅಂತ ಗೊತ್ತಾಗುತ್ತದೆ. ಮುಗೀತು. ಎಲ್ಲೂ ಒಂದು ಉಪದೇಶದ ಸಾಲಿಲ್ಲ.

ಆದರೆ ನೀತಿ ತೆಗೆದಮೇಲೆ ಕೀಲಿಯನ್ನು ಇನ್ನೂ ಜಾಸ್ತಿ ಮಾಡಬೇಕು. ಪ್ರತಿ ದೃಶ್ಯದಲ್ಲೂ ಒಮ್ಮೆ ಕಾಣಿಸಲಿ. ಇಲ್ಲದಿದ್ದರೆ ಓದುವವರು ಮರೆತುಬಿಡುತ್ತಾರೆ.

ಚಿತ್ತಾಪುರ ಶಿವು

ಪ್ರತಿ ದೃಶ್ಯದಲ್ಲಿ ಬೇಡ ಅಣ್ಣಾ. ನಾನು ಹಾಗೇ ಮಾಡಿದೆ. ದಾಲ್ ಮಿಲ್ ಹಮಾಲಿಯ ಕಥೆ, ಅದರಲ್ಲಿ ಗೋಣಿಚೀಲ. ಮಿಲ್ಲಿನಲ್ಲಿ ಚೀಲ ಹೊರುತ್ತಾನೆ, ಮನೆಯಲ್ಲಿ ಚೀಲ ಹಾಸಿಕೊಳ್ಳುತ್ತಾನೆ, ಮಳೆಗೆ ಚೀಲ ಹೊದ್ದುಕೊಳ್ಳುತ್ತಾನೆ, ಮಗು ಚೀಲದ ಜೋಕಾಲಿಯಲ್ಲಿ ಮಲಗುತ್ತದೆ, ಕೊನೆಗೆ ಅವನು ಸತ್ತಾಗ ಹೆಣದ ಮೇಲೂ ಚೀಲ. ಓದಿದ ಗೆಳೆಯ ನಡುವೆಯೇ ಹೇಳಿದ, "ಸತ್ತ ಮೇಲೂ ಚೀಲ ಹಾಕ್ತೀ ಅಂತ ನನಗೆ ಆಗ್ಲೇ ಗೊತ್ತಿತ್ತು." ಆ ಕಥೆ ಹಾಗೇ ಬಿದ್ದಿದೆ. ಎಷ್ಟು ಸಲ ಬಂದರೆ ಸರಿ ಅಂತ ಯಾರಾದರೂ ಹೇಳಿದರೆ ನನಗೂ ಉಪಕಾರ.

ಬ್ರಹ್ಮಪುರ ಓದುಗಿ, ಕಲಬುರಗಿ

ಸಾವಿತ್ರಿಯವರೆ, ಇಬ್ಬರು ಆ ಸಾಲನ್ನು ಯಾಕೆ ಹೊಗಳಿದರು ಅಂತ ಮೊದಲು ನೋಡೋಣ. ಆಯಿ ಪಡಸಾಲೆಯಲ್ಲೇ ಚಾಪೆ ಹಾಸಿದಾಗಲೇ ಅವರಿಗೆ ಎದೆ ಭಾರವಾಗಿದೆ. ಮುಂದಿನ ಸಾಲು ಬಂದು ಆ ಭಾರಕ್ಕೆ ಹೆಸರಿಟ್ಟಿತು. ಹೊಗಳಿಕೆ ಸಾಲಿಗೆ ಹೋಯಿತು, ಕೆಲಸ ಮಾಡಿದ್ದು ಚಾಪೆ. ಹೆಸರಿಟ್ಟ ಮೇಲೆ ಓದುವವರು ಮತ್ತೇನೂ ಯೋಚಿಸಬೇಕಾಗಿಲ್ಲ. ನಷ್ಟ ಅಲ್ಲೇ ಆಗುವುದು. ಆಯಿ ಸಿಟ್ಟಿನಿಂದ ಹೊರಗೆ ಮಲಗಿದಳಾ? ರೂಢಿಯಿಂದಲಾ? ಮಗನಿಗೆ ಮುಜುಗರ ಆಗಬಾರದು ಅಂತಲಾ? ಚಾಪೆಯ ಸಾಲಿನಲ್ಲಿ ಈ ಮೂರೂ ಇವೆ. "ತಾಯಿಯ ಮನಸ್ಸು" ಅಂದ ಕೂಡಲೇ ಒಂದೇ ಉಳಿಯುತ್ತದೆ.

ಆದರೂ ಬರೀ ಸಾಲು ತೆಗೆದರೆ ಕಥೆ ಅರ್ಧಕ್ಕೆ ನಿಂತಂತೆ ಕಾಣುವುದು ನಿಜ. ತೊಂದರೆ ಕೊನೆಯಲ್ಲಿಲ್ಲ, ನಡುವೆ ಇದೆ. ನೀವು ಕೊಟ್ಟ ಒಂಬತ್ತು ಜಾಗಗಳಲ್ಲಿ ಒಂದೊಂದಕ್ಕೂ ಈ ಪ್ರಶ್ನೆ ಕೇಳಿ: ಇಲ್ಲಿಂದ ಕೀಲಿ ತೆಗೆದರೆ ಕಥೆಯಲ್ಲಿ ಏನಾದರೂ ನಡೆಯದೆ ನಿಲ್ಲುತ್ತದಾ? ಸಂತೆಯಲ್ಲಿ ಕೊಳ್ಳದಿದ್ದರೆ ಕೋಣೆ ಮುಚ್ಚುವುದಿಲ್ಲ. ಅರ್ಜಿಯ ದಿನ ಕೀಲಿ ಇಲ್ಲದಿದ್ದರೆ ಪ್ರಮಾಣಪತ್ರ ಸಿಕ್ಕೇ ಸಿಗುತ್ತದೆ. ಇವು ಇರಲಿ. ಕನಸಿನ ಕೀಲಿ, ಶಾಲೆ ಗೇಟಿನ ಕೀಲಿ, ಬಾಯಿಗೆ ಬಿದ್ದ ಕೀಲಿ, ಈ ಮೂರನ್ನು ತೆಗೆದರೆ ಏನೂ ನಿಲ್ಲುವುದಿಲ್ಲ. ಅಲ್ಲೆಲ್ಲ ಕಥೆ ಹೇಳುವವರು ನಮ್ಮ ಗಲ್ಲ ಹಿಡಿದು "ನೋಡಿ, ಕೀಲಿ ನೋಡಿ" ಅಂತ ತಿರುಗಿಸುತ್ತಿದ್ದಾರೆ. ಅವು ಕೊನೆಯ ಸಾಲಿನ ಮರಿಗಳು. ಕೊನೆಯದನ್ನು ತೆಗೆದು ಇವನ್ನು ಬಿಟ್ಟರೆ ಉಪದೇಶ ಹೋದಂತಲ್ಲ.

ಶಿವು ಅವರೆ, ಎಷ್ಟು ಸಲ ಅನ್ನುವುದಕ್ಕಿಂತ ವಸ್ತು ಬದಲಾಗುತ್ತದಾ ಅಂತ ನೋಡಬೇಕು. ನಿಮ್ಮ ಗೋಣಿಚೀಲ ಐದು ಸಲ ಬಂದರೂ ಒಂದೇ ಮಾತು ಹೇಳುತ್ತದೆ: ಇವನು ಬಡವ. ಎರಡನೇ ಸಲಕ್ಕೇ ಅದು ಗೊತ್ತಾಗಿದೆ. ಅದಕ್ಕೇ ನಿಮ್ಮ ಗೆಳೆಯ ಮುಂದಿನದನ್ನು ಹೇಳಿಬಿಟ್ಟ. ಪ್ರತಿ ಸಲ ಬಂದಾಗ ಅದು ಬೇರೆಯವರ ಕೈಗೆ ಹೋಗಿರಬೇಕು, ಇಲ್ಲ ಹಾಳಾಗಿರಬೇಕು, ಇಲ್ಲ ಬೇರೆ ಕೆಲಸಕ್ಕೆ ಬಂದಿರಬೇಕು. ಆ ಮಗುವಿನ ಜೋಕಾಲಿಯನ್ನು ಮಾತ್ರ ಇಟ್ಟುಕೊಳ್ಳಿ. ಒಂದು ದಿನ ಮಿಲ್ಲಿನಲ್ಲಿ ಚೀಲದ ಲೆಕ್ಕ ತಪ್ಪಿ, ಆ ಜೋಕಾಲಿ ಬಿಚ್ಚಿ ವಾಪಸ್ ಕೊಡಬೇಕಾಗಿ ಬಂದರೆ? ಆಗ ಚೀಲ ಮೊದಲ ಸಲ ಕಥೆಯೊಳಗೆ ಬಂದಂತೆ.

ಕಮಾನ್ ಕಟ್ಟೆಯವರೆ, ನೆಕ್ಲೇಸ್ ಉದಾಹರಣೆ ಒಳ್ಳೆಯದು. ಆದರೆ ಅಲ್ಲಿ ನೀತಿಯ ಸಾಲು ಇದೆ. 10 ವರ್ಷ ದುಡಿದು ಸಾಲ ತೀರಿದ ಮೇಲೆ ಅವಳು ಕಿಟಕಿ ಹತ್ತಿರ ಕೂತು ಹಳೆಯದನ್ನು ನೆನೆಯುತ್ತಾಳೆ. ಅಲ್ಲಿ ನಿರೂಪಕನೇ ಬಾಯಿ ಹಾಕಿ, ಬದುಕು ಎಷ್ಟು ವಿಚಿತ್ರ, ಒಬ್ಬರು ಮುಳುಗಲು ಇಲ್ಲವೇ ಉಳಿಯಲು ಎಷ್ಟು ಸಣ್ಣದು ಸಾಕು ಅನ್ನುವ ಅರ್ಥದ ಮಾತು ಹೇಳುತ್ತಾನೆ. ಓದುವವರು ಕಥೆ ಮುಗಿಯಿತು ಅಂದುಕೊಳ್ಳುತ್ತಾರೆ. ಆಮೇಲೆ ಭಾನುವಾರದ ಭೇಟಿ ಬರುತ್ತದೆ. 36,000 ಫ್ರಾಂಕ್ ಕೊಟ್ಟು ತಂದ ಸರದ ಮೂಲ ಹೆಚ್ಚೆಂದರೆ 500ರದ್ದು ಅಂತ ಗೆಳತಿ ಹೇಳುತ್ತಾಳೆ. ಮುಂಚೆ ಹೇಳಿದ ನೀತಿ ಅಲ್ಲಿಗೆ ಸಾಲದಾಗುತ್ತದೆ. ಕೊನೆಯ ಮಾತು ಆ ಗೆಳತಿಯದು, ಅದೂ ಬೆಲೆಯ ಬಗ್ಗೆ. ನೀತಿ ಎಲ್ಲಿ ಬರುತ್ತದೆ, ಅದಾದ ಮೇಲೆ ವಸ್ತು ಏನು ಮಾಡುತ್ತದೆ ಅನ್ನುವುದು ಮುಖ್ಯ. 1884ರ ಕಥೆ, ಇಂದಿಗೂ ಅದನ್ನು ಬಿಚ್ಚಿ ನೋಡಿದರೆ ಕಲಿಯಲು ಸಿಗುತ್ತದೆ.

ಹುಮನಾಬಾದ್ ಹಾರ್ಡ್‌ವೇರ್

ನಮಸ್ಕಾರ ಅಕ್ಕಾರೆ. ಕೀಲಿ ವಿಷಯ ಅಂತ ನೋಡಿ ಬಂದೆ. ಅಜ್ಜಿ ಯಾವ ಎಣ್ಣೆ ಬಿಡುತ್ತಾರೆ? ನಮ್ಮ ಕಡೆ ಮನೆಯಲ್ಲಿ ಇರುವುದು ಕುಸುಬಿ ಎಣ್ಣೆ. ಅದನ್ನು ಮಾತ್ರ ಕೀಲಿಗೆ ಬಿಡಬೇಡಿ ಅಂತ ಹೇಳಿ. ಕುಸುಬಿ, ಅಗಸೆ ಇವೆಲ್ಲ ಗಾಳಿಗೆ ಒಣಗುವ ಎಣ್ಣೆ, ಪೇಂಟಿಗೆ ಹಾಕುವಂಥವು. ಬಿಟ್ಟ ದಿನ ಕೀಲಿ ಸಲೀಸಾಗಿ ತಿರುಗುತ್ತದೆ. ತೆಳ್ಳಗೆ ಒಳಗೆ ಕೂತು ಒಣಗುತ್ತಾ ಬಂದ ಹಾಗೆ ಅಂಟಾಗುತ್ತದೆ, ಧೂಳು ಹಿಡಿಯುತ್ತದೆ. ಬೇಸಿಗೆಯ ಬಿಸಿಲಿಗೆ ಇನ್ನೂ ಬೇಗ. ಮೇಲೆ ಮೇಲೆ ಬಿಟ್ಟರೆ ಒಳಗಿನ ಪತ್ತಿಗಳು ಒಂದಕ್ಕೊಂದು ಅಂಟಿಕೊಂಡು ಕೀಲಿಕೈ ಹೋದರೂ ತಿರುಗುವುದಿಲ್ಲ.

ಈಗಾಗಲೇ ಅಂಟಿದ್ದರೆ ಸ್ವಲ್ಪ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ, ಬೆಳಿಗ್ಗೆ ಕೀಲಿಕೈ ಹಾಕಿ ಮೆಲ್ಲಗೆ ಆಡಿಸಿ. ಆಮೇಲೆ ಪೆನ್ಸಿಲ್ ಸೀಸ ಪುಡಿ ಮಾಡಿ ಒಳಗೆ ಊದಿ. ಎಣ್ಣೆ ಬೇಡವೇ ಬೇಡ.

ಸಾವಿತ್ರಿ, ಶಹಾಪುರ

ಅಣ್ಣಾರೆ, ಇದು ಕಥೆಯೊಳಗಿನ ಕೀಲಿ. ಆದರೆ ನೀವು ಹೇಳಿದ್ದು ನನಗೆ ಎಷ್ಟು ದೊಡ್ಡ ಸಹಾಯ ಅಂತ ಹೇಳಲಾರೆ! ನಾನು ಬರೀ "ಎಣ್ಣೆ" ಅಂತ ಬರೆದಿದ್ದೆ. ನಮ್ಮ ಮನೆಗಳಲ್ಲಿ ಅದು ಕುಸುಬಿ ಎಣ್ಣೆಯೇ ಆಗಬೇಕು. ಅಂದರೆ ಅಪ್ಪ ಬಂದಾಗ ಕೀಲಿ ತೆಗೆಯುವುದಿಲ್ಲ. ಆಯಿ ಕಾಪಾಡಿದ್ದರಿಂದಲೇ ಅದು ತೆಗೆಯುವುದಿಲ್ಲ.

ಬ್ರಹ್ಮಪುರ ಓದುಗಿ, ಕಲಬುರಗಿ

ಹೌದು! ನಡುವೆ ಬೇಕಾಗಿದ್ದದ್ದು ಇದೇ. ಇಲ್ಲಿಯವರೆಗೆ ಆಯಿ ಎಣ್ಣೆ ಬಿಡುವುದು ಅವಳ ಒಳ್ಳೆಯತನ ತೋರಿಸುವ ಒಂದು ಚಿತ್ರ ಮಾತ್ರ ಆಗಿತ್ತು. ಈಗ ಅದಕ್ಕೆ ಫಲ ಇದೆ. ನೀವು ಯಾವ ಅರ್ಥವನ್ನೂ ಹಾಕಬೇಕಾಗಿಲ್ಲ. ಎಣ್ಣೆ ತನ್ನ ಗುಣದಂತೆ ಒಣಗುತ್ತದೆ, ಕೀಲಿ ತನ್ನ ಗುಣದಂತೆ ಹಿಡಿದುಕೊಳ್ಳುತ್ತದೆ.

ಒಂದು ಎಚ್ಚರಿಕೆ. "ಎಣ್ಣೆಯೇ ಅಂಟಾಗಿ ಕೀಲಿ ಹಿಡಿದಿತ್ತು" ಅಂತ ನಿರೂಪಣೆಯಲ್ಲಿ ಬರೆಯಬೇಡಿ. ನಾಗಿಗೆ ಹನ್ನೊಂದು ವರ್ಷ, ಅವಳಿಗೆ ಅದು ಗೊತ್ತಿರುವುದಿಲ್ಲ. ಅವಳಿಗೆ ಕಾಣುವುದನ್ನು ಎರಡು ಜಾಗದಲ್ಲಿ ಇಡಿ. ಮೊದಲು ಆಯಿ ಎಣ್ಣೆ ಬಿಡುವಾಗ ಸೋರಿದ ಎಣ್ಣೆ ಬಾಗಿಲ ಮೇಲೆ ಗೆರೆಯಾಗಿ ಇಳಿಯಲಿ, ನಾಗಿ ಬೆರಳಿಂದ ಒರೆಸಿ ತಲೆಗೆ ಹಚ್ಚಿಕೊಳ್ಳಲಿ. ಮುಂದೆ ಒಂದು ದಿನ ಅದೇ ಗೆರೆ ಮುಟ್ಟಿದರೆ ಬೆರಳಿಗೆ ಎಣ್ಣೆ ಬರದೆ ಬೆಲ್ಲದ ಪಾಕದ ಹಾಗೆ ಅಂಟಲಿ. ಅಷ್ಟೇ. ತಿಳಿದವರು ಅಲ್ಲೇ ಹಿಡಿಯುತ್ತಾರೆ. ತಿಳಿಯದವರಿಗೂ ಕೊನೆಯಲ್ಲಿ ಅದು ನೆನಪಾಗುತ್ತದೆ.

ಸ್ಟೇಷನ್ ರೋಡ್, ಯಾದಗಿರಿ

ನನ್ನದೊಂದು ಮಾತಿದೆ. ನಾನು ಗುಳೆ ಹೋಗುತ್ತಿದ್ದ ಮನೆಯ ಹುಡುಗಿ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ ಅಪ್ಪ ಅವ್ವ ಹೋಗುವುದನ್ನು ನೋಡುತ್ತಾ ಬೆಳೆದೆ. ಈ ಕಥೆ ಓದಿ ಆಯಿಗಾಗಿ ಮರುಗಿದೆ, ಅದು ಸರಿ. ಆದರೆ ಅಪ್ಪ ಮಾತ್ರ ಕಲ್ಲಿನಂಥ ಮನುಷ್ಯ ಆಗಿಬಿಟ್ಟಿದ್ದಾನೆ. ಆ ಎರಡು ಚೀಲ ತೊಗರಿ ಮುಂದಿನ ಬಿತ್ತನೆಗೆ, ಸಾಲಕ್ಕೆ, ಯಾರಾದರೂ ಕಾಯಿಲೆ ಬಿದ್ದರೆ ಅದಕ್ಕೆ. ಅದು ಹೋದರೆ ಅವನು ಮಳೆಗಾಲಕ್ಕೂ ವಾಪಸ್ ಬರುವ ಹಾಗಿಲ್ಲ. ಕೀಲಿ ಹಾಕಿದವನಿಗೂ ಆ ಕೀಲಿ ಭಾರವೇ.

ನಮ್ಮಪ್ಪ ಕೀಲಿಕೈ ಉಡದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ಕೆಲಸದ ಶೆಡ್ಡಿನಲ್ಲಿ ಮಲಗಿದರೂ ಅದು ಮೈಮೇಲೇ. ಊರಿಗೆ ಬಂದು ಸ್ನಾನಕ್ಕೆ ಕೂತಾಗ ಸೊಂಟದ ಹತ್ತಿರ ಅದರ ಗುರುತು ಕಾಣುತ್ತಿತ್ತು.

ಬ್ರಹ್ಮಪುರ ಓದುಗಿ, ಕಲಬುರಗಿ

ಇದನ್ನು ನಾನು ಗಮನಿಸಿರಲಿಲ್ಲ. ನೀವು ಹೇಳಿದ್ದು ಬರೀ ಅಪ್ಪನ ಪರ ವಾದ ಅಲ್ಲ, ಬರವಣಿಗೆಗೆ ಬೇಕಾದ ದೊಡ್ಡ ವಿಷಯ. ವಸ್ತು ಒಬ್ಬರ ಪರ ಮಾತ್ರ ಮಾತಾಡಿದರೆ ಅದೇ ನೀತಿಯಾಗುತ್ತದೆ, ನಿರೂಪಕಿ ಬಾಯಿ ಬಿಡದಿದ್ದರೂ ಸಹ. ಕೀಲಿ ಅಂದರೆ ಆಯಿಯ ಮೇಲೆ ಅಪನಂಬಿಕೆ ಅಂತ ಮಾತ್ರ ಇದ್ದರೆ ಓದುವವರು ತೀರ್ಪು ಕೊಟ್ಟು ಪುಸ್ತಕ ಮುಚ್ಚುತ್ತಾರೆ. ಕೀಲಿಕೈ ಅಪ್ಪನ ಮೈಗೆ ಒತ್ತಿ ಗುರುತು ಮಾಡಿದ್ದರೆ ಅಷ್ಟು ಸುಲಭವಾಗಿ ತೀರ್ಪು ಕೊಡಲು ಆಗುವುದಿಲ್ಲ.

ನಾಗಿ ಬೆಂಗಳೂರನ್ನು ನೋಡಿಲ್ಲ, ಆದ್ದರಿಂದ ಶೆಡ್ಡಿನ ದೃಶ್ಯ ಬರೆಯುವ ಹಾಗಿಲ್ಲ. ಬೇಕಾಗಿಯೂ ಇಲ್ಲ. ಅವನು ಬಂದಾಗ ಕೀಲಿಕೈ ಮೈಗೆ ಉಜ್ಜಿ ಉಜ್ಜಿ ಹೊಳೆಯುತ್ತಿರಲಿ. ಕೀಲಿ ಕಪ್ಪಾಗಿರಲಿ. ಎರಡನ್ನೂ ಒಂದೇ ಸಂತೆಯಲ್ಲಿ, ಒಂದೇ ದಿನ, ಒಟ್ಟಿಗೆ ತಂದಿದ್ದು.

ಶರಣು, ಆಳಂದ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹೇಳದೆ ಬಿಡುವುದೇ ಕಲೆ ಅಂತ ಎಲ್ಲರೂ ಅನ್ನುತ್ತಿದ್ದೀರಿ. ನಮ್ಮ ನೆಲದ ಶರಣರು ನೇರವಾಗಿ ಹೇಳಿದರು. "ಉಳ್ಳವರು ಶಿವಾಲಯವ ಮಾಡುವರು" ಅನ್ನುವ ವಚನದಲ್ಲಿ ಕಾಲು, ದೇಹ, ಶಿರ ಎಲ್ಲವನ್ನೂ ಕಂಬ, ದೇಗುಲ, ಕಳಶ ಮಾಡಿ ತೋರಿಸಿದ ಮೇಲೂ ಬಸವಣ್ಣ ಸುಮ್ಮನಿರಲಿಲ್ಲ. "ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ" ಅಂತ ಬಾಯಿ ಬಿಟ್ಟೇ ಹೇಳಿದರು. 800 ವರ್ಷ ದಾಟಿದರೂ ಜನರ ಬಾಯಲ್ಲಿ ಉಳಿದದ್ದು ಆ ಸಾಲೇ. ನಮ್ಮೂರಲ್ಲಿ ಕಥೆ ಓದಿ ಹೇಳಿದರೆ ಹಿರಿಯರು ಕೊನೆಗೆ "ಏನ್ ಹೇಳ್ತದ ಇದು?" ಅಂತ ಕೇಳಿಯೇ ಕೇಳುತ್ತಾರೆ. ಅವರಿಗೆ ಏನು ಉತ್ತರ?

ಬ್ರಹ್ಮಪುರ ಓದುಗಿ, ಕಲಬುರಗಿ

ಶರಣು ಅವರೆ, ವಚನದಲ್ಲಿ ಮಾತಾಡುವವರು ಯಾರು ಅಂತ ಮೊದಲ ಸಾಲಿನಲ್ಲೇ ಗೊತ್ತು. "ನಾನೇನ ಮಾಡುವೆ, ಬಡವನಯ್ಯಾ" ಅಂತ ಅವರೇ ಎದುರು ನಿಂತು ಮಾತಾಡುತ್ತಾರೆ. ನಾವು ಕೇಳಲು ಬಂದಿರುವುದೇ ಅವರ ಮಾತನ್ನು. ಸಾವಿತ್ರಿಯವರ ಕಥೆಯಲ್ಲಿ ನಮ್ಮ ಜೊತೆ ಇರುವುದು ಹನ್ನೊಂದರ ಹುಡುಗಿ. ಅವಳ ಕಣ್ಣಿಂದ ಎಲ್ಲ ನೋಡುತ್ತಾ ಬಂದು, ಕೊನೆಯಲ್ಲಿ ಮಾತ್ರ ಯಾರೋ ದೊಡ್ಡವರು ಬಂದು "ತಾಯಿಯ ಮನಸ್ಸು" ಅಂದರೆ ಅದು ಯಾರ ದನಿ? ನನ್ನ ತಕರಾರು ಅದಕ್ಕೆ. ಕಥೆ ಹೇಳುವವರು ಮೊದಲಿನಿಂದಲೂ ಮಾತಾಡುವ ಸ್ವಭಾವದವರಾಗಿದ್ದರೆ ಕೊನೆಯಲ್ಲೂ ಮಾತಾಡಲಿ.

ಶರಣು, ಆಳಂದ

ದನಿಯ ಮಾತು ಒಪ್ಪಿದೆ. ಹಿರಿಯರ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.

ಸಾವಿತ್ರಿ, ಶಹಾಪುರ

ಎಲ್ಲರ ಮಾತು ಇಟ್ಟುಕೊಂಡು ಮತ್ತೆ ಬರೆದೆ. ಕನಸು, ಗೇಟು, ಬಾಯಿಯ ಹೋಲಿಕೆ ಮೂರನ್ನೂ ತೆಗೆದೆ. ಪಕ್ಕದ ಮನೆಯವನನ್ನು ಅರ್ಜಿಯ ದಿನಕ್ಕೇ ಸೇರಿಸಿದೆ, ಎರಡು ದೃಶ್ಯ ಒಂದಾಯಿತು. ನಡುವಿನ ಮತ್ತು ಕೊನೆಯ ಭಾಗ ಹಾಕುತ್ತಿದ್ದೇನೆ.

"ಸೋಮವಾರ ದೀಪ ಹಚ್ಚಿದ ಮೇಲೆ ಉಳಿದ ಎಣ್ಣೆಯನ್ನು ಆಯಿ ಕೋಳಿ ಪುಕ್ಕದಿಂದ ಕೀಲಿಯ ತೂತಿಗೆ ಬಿಡುತ್ತಿದ್ದಳು. 'ನಿಮ್ಮಪ್ಪ ಬಂದಾಗ ಸಲೀಸ ತಗೀಬೇಕು' ಅನ್ನುತ್ತಿದ್ದಳು. ಸೋರಿದ್ದನ್ನು ನಾಗಿ ಬೆರಳಲ್ಲಿ ತೆಗೆದು ಜಡೆಗೆ ಹಚ್ಚಿಕೊಳ್ಳುತ್ತಿದ್ದಳು. ಹೋಳಿ ಹುಣ್ಣಿಮೆ ಆದ ಮೇಲೆ ಬೆರಳಿಗೆ ಎಣ್ಣೆ ಬರಲಿಲ್ಲ. ಬೆರಳೇ ಬಾಗಿಲಿಗೆ ಅಂಟಿತು."

ಕೊನೆ ಹೀಗಿದೆ.

"ಅಪ್ಪ ಅಂಗಿ ಎತ್ತಿ ಉಡದಾರ ಬಿಚ್ಚಿದ. ಕೀಲಿಕೈ ಹೊಸ ರೂಪಾಯಿಯಂತೆ ಹೊಳೆಯುತ್ತಿತ್ತು. ಅದು ಇದ್ದ ಜಾಗದಲ್ಲಿ ಚರ್ಮ ಕಪ್ಪಾಗಿತ್ತು. ಕೀಲಿಕೈ ಒಳಗೆ ಹೋಯಿತು, ತಿರುಗಲಿಲ್ಲ. ಎರಡೂ ಕೈಯಿಂದ ತಿರುಗಿಸಿದ. 'ಎಣ್ಣಿ ಬಿಟ್ಟೀನಲ್ಲಪ್ಪ, ವಾರ ವಾರ' ಅಂದಳು ಆಯಿ. ಅಪ್ಪ ಅಂಗಳದಿಂದ ಕಲ್ಲು ತಂದು ನಾಲ್ಕು ಏಟು ಹಾಕಿದ. ಕೀಲಿ ಒಡೆದು ಬಿತ್ತು. ಒಳಗಿನಿಂದ ಹಿಟ್ಟಿನ ವಾಸನೆ ಬಂತು. ಅವ್ವ ಚೀಲದೊಳಗೆ ಕೈ ಹಾಕಿ ಮುಷ್ಟಿ ಕಾಳು ತೆಗೆದಳು. ಒಂದೊಂದು ಕಾಳಿಗೂ ತೂತು. ಯಾರೂ ಮಾತಾಡಲಿಲ್ಲ. ರಾತ್ರಿ ಅವ್ವ ಒಳಕೋಣೆ ಗುಡಿಸಿ ಆಯಿಗೆ ಹಾಸಿಗೆ ಹಾಸಿದಳು. ಆಯಿ ಚಾಪೆ ತಂದು ಪಡಸಾಲೆಯಲ್ಲಿ ಹಾಸಿಕೊಂಡಳು."

ಕಮಾನ್ ಕಟ್ಟೆ, ಬೀದರ್

ಅಕ್ಕಾ, "ಎಣ್ಣಿ ಬಿಟ್ಟೀನಲ್ಲಪ್ಪ" ಅನ್ನುವ ಜಾಗದಲ್ಲಿ ನನಗೆ ಕಣ್ಣು ತುಂಬಿತು. ಪ್ರತಿ ದೃಶ್ಯದಲ್ಲಿ ಕೀಲಿ ಬೇಕು ಅಂದಿದ್ದೆ, ಈಗ ಬೇಡ ಅನ್ನಿಸುತ್ತದೆ.

ಬ್ರಹ್ಮಪುರ ಓದುಗಿ, ಕಲಬುರಗಿ

ತುಂಬಾ ಚೆನ್ನಾಗಿ ಬಂದಿದೆ. ಆಯಿಗೆ ಕಾರಣ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ. ಅಂಟಿದ ಬೆರಳು ನೆನಪಿರುವವರಿಗೆ ಮಾತ್ರ ಗೊತ್ತು. ಎರಡು ಸಣ್ಣ ಕತ್ತರಿ ಹಾಕುತ್ತೇನೆ. "ಹೊಸ ರೂಪಾಯಿಯಂತೆ" ಬೇಡ, "ಹೊಳೆಯುತ್ತಿತ್ತು" ಸಾಕು. ಹೋಲಿಕೆ ಬಂದ ಕೂಡಲೇ ಓದುವವರಿಗೆ ಇದು ಮುಖ್ಯ ಅಂತ ಗುರುತು ಸಿಗುತ್ತದೆ. "ಯಾರೂ ಮಾತಾಡಲಿಲ್ಲ" ಕೂಡ ತೆಗೆಯಿರಿ. ಮಾತು ಬರೆಯದಿದ್ದರೆ ಮಾತಾಡಲಿಲ್ಲ ಅಂತಲೇ ಅರ್ಥ. ಅವ್ವ ಒಳಗೆ ಹಾಸಿಗೆ ಹಾಸಿದ್ದು ಹೊಸದಾಗಿ ಬಂದಿದೆ ಅಲ್ವಾ? ಅದು ಬಹಳ ಬೇಕಿತ್ತು. ಒಳಗೆ ಕರೆದ ಮೇಲೂ ಹೊರಗೆ ಮಲಗುವುದು ಬೇರೆ, ಕರೆಯದೆ ಮಲಗುವುದು ಬೇರೆ.

ಪರೀಕ್ಷೆಗೆ, ಈ ಚರ್ಚೆ ಓದದ ಯಾರಿಗಾದರೂ ಕೊಡಿ. ಮಾರನೇ ದಿನ "ಅರ್ಥ ಆಯಿತಾ" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. "ಕಥೆ ಹೇಳು" ಅನ್ನಿ. ಹೇಳುವಾಗ ಎಣ್ಣೆ ಅವರ ಬಾಯಲ್ಲಿ ತಾನಾಗೇ ಬಂದರೆ ಕಥೆ ನಿಂತಿದೆ. ಬರದಿದ್ದರೆ ಎಣ್ಣೆಯ ದೃಶ್ಯ ಇನ್ನೂ ಕೊನೆಗೆ ಬೆಸೆದಿಲ್ಲ. "ಅದರಲ್ಲಿ ಕೀಲಿ ಒಂದು ಸಂಕೇತ" ಅಂತ ಶುರು ಮಾಡಿದರೆ ಎಲ್ಲೋ ಜಾಸ್ತಿ ಹೇಳಿದ್ದೀರಿ.

ಸ್ಟೇಷನ್ ರೋಡ್, ಯಾದಗಿರಿ

ಈಗ ಅಪ್ಪ ನಮ್ಮಪ್ಪನ ಹಾಗೆ ಕಾಣುತ್ತಾನೆ. ಆದರೆ ಹೆಸರು "ಕೀಲಿ" ಅಂತಲೇ ಇಡುತ್ತೀರಾ? ಹೆಸರಲ್ಲೇ ಇದ್ದರೆ ಮೊದಲ ಸಾಲಿಂದ ಎಲ್ಲರೂ ಅದನ್ನೇ ನೋಡುತ್ತಾರೆ. ಎಣ್ಣೆ ಮರೆಯಲ್ಲಿ ಕೆಲಸ ಮಾಡುವುದು ಕಷ್ಟ.

ಚಿತ್ತಾಪುರ ಶಿವು

ನನಗೆ ಅದೇ ಒಳ್ಳೆಯದು ಅನ್ನಿಸುತ್ತದೆ. ಎಲ್ಲರೂ ಕೀಲಿ ನೋಡುತ್ತಾ ಇರಲಿ, ಅಷ್ಟರಲ್ಲಿ ಎಣ್ಣೆ ಗಟ್ಟಿಯಾಗಲಿ.

ಶರಣು, ಆಳಂದ

"ಕಾರಹುಣ್ಣಿಮೆ" ಅಂತ ಇಡಿ. ಹಬ್ಬಕ್ಕೆ ಬರುತ್ತಾರೆ ಅಂತ ಕಾಯುವುದು ಇದೆಯಲ್ಲ. ನಮ್ಮ ಹಿರಿಯರಿಗೆ ಓದಿ ಹೇಳುತ್ತೇನೆ, ಏನು ಕೇಳುತ್ತಾರೋ ನೋಡೋಣ.

ಹುಮನಾಬಾದ್ ಹಾರ್ಡ್‌ವೇರ್

ಒಂದು ಮಾತು ಅಕ್ಕಾರೆ. ಕಲ್ಲಿನಿಂದ ಹೊಡೆದರೆ ಕೀಲಿ ಅಷ್ಟು ಬೇಗ ಒಡೆಯುವುದಿಲ್ಲ. ಹಳೆ ಬಾಗಿಲಾದರೆ ಮೊದಲು ಕಟ್ಟಿಗೆಯಿಂದ ಕೊಂಡಿ ಕಿತ್ತು ಬರುತ್ತದೆ. ಕೀಲಿ ಹಾಕಿದ್ದು ಹಾಕಿದ ಹಾಗೇ ಕೊಂಡಿಯ ಜೊತೆ ನೇತಾಡುತ್ತದೆ. ನಮ್ಮ ಅಂಗಡಿಗೆ ಜನ ಹಾಗೇ ಹಿಡಿದುಕೊಂಡು ಬರುತ್ತಾರೆ, ಕೊಂಡಿ ಹೊಸದು ಕೊಡಿ, ಕೀಲಿ ಇದೇ ನಡೆಯುತ್ತದೆ ಅಂತ.

ಸಾವಿತ್ರಿ, ಶಹಾಪುರ

"ಕೀಲಿ ಒಡೆದು ಬಿತ್ತು" ತೆಗೆದೆ. "ಕೊಂಡಿ ಕಿತ್ತು ಬಂತು" ಅಂತ ಹಾಕಿದೆ, ಕೀಲಿ ತೆಗೆಯದೆ ಉಳಿಯಿತು. ಹೆಸರು ಇನ್ನೂ ತೀರ್ಮಾನ ಆಗಿಲ್ಲ. ನಾದಿನಿ ನಾಳೆ ಬರುತ್ತಾಳೆ, ಅವಳಿಗೆ ಹೆಸರಿಲ್ಲದೆ ಕೊಟ್ಟು ಕಥೆ ಹೇಳಿಸುತ್ತೇನೆ.